ಫ್ರೆಷರ್‌ಗೆ ವರ್ಕ್ ಫ್ರಂ ಹೋಂ ಲಾಭವೋ ನಷ್ಟವೋ? ಅಧ್ಯಯನಗಳು ಒಂದೊಂದು ಥರ ಹೇಳುತ್ತಿರುವುದು ಏಕೆ?

ಆಫೀಸಿಗೆ ವಾಪಸ್ ಬನ್ನಿ ಎನ್ನುವ ಮೇಲ್ ಐಟಿ ಮಂದಿಗೆ ಈಗ ಹೊಸದೇನಲ್ಲ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಆಫೀಸು ಎಂದಿತು. 2024ರ ಏಪ್ರಿಲ್‌ನಲ್ಲಿ ಹಾಜರಾತಿಯನ್ನು ಸಂಬಳದಲ್ಲಿ ಏರುಪೇರಾಗುವ ಭಾಗವಾದ ವೇರಿಯಬಲ್ ಪೇ ಜೊತೆ ಜೋಡಿಸಿತು. ಶೇ 85ಕ್ಕಿಂತ ಜಾಸ್ತಿ ಹಾಜರಾತಿ ಇದ್ದವರಿಗೆ ಪೂರ್ತಿ ದುಡ್ಡು, ಶೇ 60ಕ್ಕಿಂತ ಕಡಿಮೆ ಇದ್ದವರಿಗೆ ಏನೂ ಇಲ್ಲ. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಕೆಳಗಿನ ಹಂತದ ನೌಕರರಿಗೆ ತಿಂಗಳಿಗೆ ಕನಿಷ್ಠ 10 ದಿನ ಎಂದು ನಿಗದಿ ಮಾಡಿತು. ಅಮೆಜಾನ್ 2025ರ ಜನವರಿಯಿಂದ ಐದು ದಿನಕ್ಕೆ ಮರಳಿತು.

ಇಂಥ ಆದೇಶದ ಜೊತೆ ಬರುವ ಕಾರಣ ಹೆಚ್ಚುಕಡಿಮೆ ಒಂದೇ: ಒಟ್ಟಿಗೆ ಕೂತರೆ ಹೊಸಬರು ಬೇಗ ಕಲಿಯುತ್ತಾರೆ. ನೌಕರರು ಕೊಡುವ ಉತ್ತರವೂ ಒಂದೇ: ಟ್ರಾಫಿಕ್‌ನಲ್ಲಿ ಹೈರಾಣಾಗಿ ಆಫೀಸು ಸೇರಿ, ಅಲ್ಲೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಅದೇ ಟೀಮ್ಸ್ ಕಾಲ್‌ನಲ್ಲಿ ಕೂರೋದಾದರೆ ಕಲಿಯೋದೇನು ಬಂತು?

ಇಬ್ಬರ ಕೈಯಲ್ಲೂ ಒಂದೊಂದು ಅಧ್ಯಯನ ಇದೆ. ಮನೆಯಿಂದ ಕೆಲಸ ಮಾಡಿದರೆ ಕೆಲಸ ಜಾಸ್ತಿ ಆಗುತ್ತದೆ ಎನ್ನುತ್ತದೆ ಒಂದು. ಶೇ 18ರಷ್ಟು ಕಡಿಮೆ ಆಗುತ್ತದೆ ಎನ್ನುತ್ತದೆ ಇನ್ನೊಂದು. ಪ್ರಮೋಷನ್ ಕೈತಪ್ಪುತ್ತದೆ ಅಂತ ಒಂದು, ಏನೂ ವ್ಯತ್ಯಾಸ ಇಲ್ಲ ಅಂತ ಮತ್ತೊಂದು. ಓದುವವರಿಗೆ ತಲೆಕೆಡುವುದು ಸಹಜ. ಆದರೆ ಇವುಗಳಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ. ಪ್ರಯೋಗದಲ್ಲಿ ಯಾರಿದ್ದರು, ಅವರಿಗೆ ಮೊದಲೇ ಕೆಲಸ ಗೊತ್ತಿತ್ತಾ, ಮನೆಯಲ್ಲಿ ವಾರಕ್ಕೆ ಎಷ್ಟು ದಿನ ಕೂತರು ಎಂದು ನೋಡುತ್ತಾ ಹೋದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದೇ ಕಂಪನಿ, ಎರಡು ಪ್ರಯೋಗ

ಈ ಚರ್ಚೆಯಲ್ಲಿ ಎಲ್ಲರೂ ಎತ್ತುವ ಹೆಸರು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಅವರದು. ಅವರ ಎರಡು ಪ್ರಸಿದ್ಧ ಪ್ರಯೋಗಗಳೂ ನಡೆದದ್ದು ಒಂದೇ ಕಂಪನಿಯಲ್ಲಿ. ಅದು ಚೀನಾದ ಪ್ರವಾಸ ಬುಕಿಂಗ್ ಕಂಪನಿ ಸಿಟ್ರಿಪ್, ಈಗಿನ ಟ್ರಿಪ್ ಡಾಟ್ ಕಾಂ.

ಮೊದಲನೆಯದು 2010-11ರದು. ಶಾಂಘೈನ ಕಾಲ್ ಸೆಂಟರ್‌ನಲ್ಲಿ ಮನೆಯಿಂದ ಕೆಲಸ ಮಾಡಲು ಇಷ್ಟಪಟ್ಟವರನ್ನು ಹುಟ್ಟಿದ ದಿನಾಂಕದ ಸಮ-ಬೆಸ ಸಂಖ್ಯೆ ನೋಡಿ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ನಾಲ್ಕು ದಿನ ಮನೆಯಲ್ಲಿ, ಇನ್ನೊಂದು ಪೂರ್ತಿ ಆಫೀಸಿನಲ್ಲಿ. ಒಂಬತ್ತು ತಿಂಗಳ ನಂತರ ನೋಡಿದರೆ ಮನೆಯಲ್ಲಿ ಕೂತವರ ಕೆಲಸ ಶೇ 13ರಷ್ಟು ಜಾಸ್ತಿ. ಅದರಲ್ಲಿ ಹೆಚ್ಚಿನ ಪಾಲು ಬಂದದ್ದು ಬಿಡುವು ಮತ್ತು ರಜೆ ಕಡಿಮೆ ತೆಗೆದುಕೊಂಡು ಜಾಸ್ತಿ ನಿಮಿಷ ಕೆಲಸ ಮಾಡಿದ್ದರಿಂದ. ಉಳಿದದ್ದು ಗಲಾಟೆ ಇಲ್ಲದ ಕಡೆ ಕೂತು ನಿಮಿಷಕ್ಕೆ ಒಂದಿಷ್ಟು ಜಾಸ್ತಿ ಕಾಲ್ ಮುಗಿಸಿದ್ದರಿಂದ.

ಇದರಲ್ಲಿ ಅಷ್ಟಾಗಿ ಸುದ್ದಿಯಾಗದ ಎರಡು ವಿಷಯಗಳಿವೆ. ಒಂದು, ಈ ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಂಡಿರಲೇ ಇಲ್ಲ. ಕಂಪನಿಯಲ್ಲಿ ಕನಿಷ್ಠ ಆರು ತಿಂಗಳು ಕಳೆದಿರಬೇಕು, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಮತ್ತು ಪ್ರತ್ಯೇಕ ಕೋಣೆ ಇರಬೇಕು ಎಂಬ ಷರತ್ತಿತ್ತು. ಅಂದರೆ ಕಲಿಕೆ ಮುಗಿಸಿದವರನ್ನು ಮಾತ್ರ ಮನೆಗೆ ಕಳಿಸಿದ್ದರು. ಎರಡನೆಯದು, ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರಿಗೆ ಹೋಲಿಸಿದರೆ ಮನೆಯವರಿಗೆ ಪ್ರಮೋಷನ್ ಸಿಕ್ಕಿದ್ದು ಕಡಿಮೆ. ಪ್ರಯೋಗ ಮುಗಿದ ಮೇಲೆ ಎಲ್ಲಿ ಬೇಕೋ ಅಲ್ಲಿ ಕೆಲಸ ಮಾಡಿ ಎಂದಾಗ ಮನೆಯಲ್ಲಿದ್ದ ಬಹಳಷ್ಟು ಜನ ಆಫೀಸಿಗೇ ಮರಳಿದರು. ಒಂಟಿತನ ಅವರು ಕೊಟ್ಟ ಕಾರಣಗಳಲ್ಲಿ ಒಂದು.

ಎರಡನೇ ಪ್ರಯೋಗ ನಡೆದದ್ದು 2021-22ರಲ್ಲಿ, ವರದಿ ಬಂದದ್ದು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ. ಈ ಸಲ 1,612 ಮಂದಿ. ಕಾಲ್ ಸೆಂಟರ್‌ನವರಲ್ಲ, ಎಂಜಿನಿಯರಿಂಗ್, ಮಾರ್ಕೆಟಿಂಗ್, ಫೈನಾನ್ಸ್ ವಿಭಾಗದ ಪದವೀಧರರು. ಒಂದು ಗುಂಪಿಗೆ ಬುಧವಾರ ಮತ್ತು ಶುಕ್ರವಾರ ಮಾತ್ರ ಮನೆಯಿಂದ ಕೆಲಸ ಮಾಡುವ ಅವಕಾಶ, ಉಳಿದ ಮೂರು ದಿನ ಎಲ್ಲರೂ ಆಫೀಸಿನಲ್ಲಿ. ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ಮುಂದಿನ ಎರಡು ವರ್ಷದ ಅಪ್ರೈಸಲ್ ಮತ್ತು ಪ್ರಮೋಷನ್‌ನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಅದೇ ಕಂಪನಿ, ಒಮ್ಮೆ ಪ್ರಮೋಷನ್‌ಗೆ ಪೆಟ್ಟು, ಇನ್ನೊಮ್ಮೆ ಇಲ್ಲ. ಎರಡರ ನಡುವೆ ಕೆಲಸವೂ ಬೇರೆ, ಕಾಲವೂ ಬೇರೆ ಎನ್ನುವುದು ನಿಜ. ಆದರೂ ಎದ್ದು ಕಾಣುವ ವ್ಯತ್ಯಾಸ ದಿನಗಳ ಲೆಕ್ಕದಲ್ಲಿದೆ. ವಾರಕ್ಕೆ ನಾಲ್ಕು ದಿನ ಕಾಣದವರನ್ನು ಮ್ಯಾನೇಜರ್ ಮರೆಯಬಹುದು. ಮೂರು ದಿನ ಎದುರಿಗೇ ಇರುವವರನ್ನು ಮರೆಯುವುದು ಕಷ್ಟ. ಜೊತೆಗೆ ಎರಡನೇ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು ಮೂವತ್ತರ ಮಧ್ಯದಲ್ಲಿತ್ತು. ಹಾಗಾಗಿ ಈ ಎರಡನ್ನೂ ಹಿಡಿದುಕೊಂಡು 22 ವರ್ಷದ ಫ್ರೆಷರ್ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಚೆನ್ನೈನಲ್ಲಿ ಹೊಸಬರನ್ನೇ ನೋಡಿದಾಗ

ಹೊಸಬರನ್ನೇ ಇಟ್ಟುಕೊಂಡು ನಡೆಸಿದ ಪ್ರಯೋಗ ನಮ್ಮ ಪಕ್ಕದ ಚೆನ್ನೈನಲ್ಲೇ ಆಯಿತು. ಎಂಐಟಿಯ ಡೇವಿಡ್ ಆಟ್ಕಿನ್ ಮತ್ತು ಆಂಟೊನೆಟ್ ಶೋರ್ ಸೇರಿದಂತೆ ಮೂವರು ಸಂಶೋಧಕರು ಡೇಟಾ ಎಂಟ್ರಿ ಕೆಲಸಕ್ಕೆ ಜನರನ್ನು ಹೊಸದಾಗಿ ನೇಮಿಸಿಕೊಂಡರು. ಯಾರು ಮನೆಯಿಂದ, ಯಾರು ಆಫೀಸಿನಿಂದ ಎನ್ನುವುದನ್ನು ಲಾಟರಿಯಂತೆ ತೀರ್ಮಾನಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನೆಯವರ ಕೆಲಸ ಶೇ 18ರಷ್ಟು ಕಡಿಮೆ ಇತ್ತು.

ಈ 18ನ್ನು ಎರಡಾಗಿ ಬಿಡಿಸಿ ನೋಡಬೇಕು. ಮೂರನೇ ಎರಡು ಭಾಗದಷ್ಟು ಅಂತರ ಮೊದಲ ದಿನವೇ ಇತ್ತು. ಅದು ಕಲಿಕೆಯ ವಿಷಯವಲ್ಲ. ಅಂತರದ ಉಳಿದ ಮೂರನೇ ಒಂದು ಭಾಗ ದಿನ ಕಳೆದಂತೆ ಬೆಳೆದದ್ದು. ಆಫೀಸಿನವರು ಬೇಗ ಬೇಗ ಸುಧಾರಿಸಿಕೊಂಡರು, ಮನೆಯವರು ನಿಧಾನ. ಡೇಟಾ ಎಂಟ್ರಿಯಂಥ ಕೆಲಸದಲ್ಲೇ ಹೀಗೆ. ಅದರಲ್ಲಿ ಕಲಿಯುವುದಕ್ಕೆ ಎಷ್ಟಿರುತ್ತದೆ ಹೇಳಿ? ಸಾಫ್ಟ್‌ವೇರ್, ಆಡಿಟ್, ಡಿಸೈನ್ ಥರದ ಕೆಲಸದಲ್ಲಿ ಕಲಿಯುವುದು ಇದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. ಲಾಟರಿಗೆ ಮೊದಲೇ ಮನೆಯಿಂದ ಕೆಲಸವೇ ಇಷ್ಟ ಎಂದವರು ಶುರುವಿನಲ್ಲಿ ಉಳಿದವರಿಗಿಂತ ವೇಗವಾಗಿಯೂ ತಪ್ಪಿಲ್ಲದೆಯೂ ಟೈಪ್ ಮಾಡುತ್ತಿದ್ದರು. ಆದರೆ ಮನೆಗೆ ಹೋದಾಗ ಜಾಸ್ತಿ ಹಿಂದೆ ಬಿದ್ದವರೂ ಅವರೇ. ಮನೆಯಿಂದ ಕೆಲಸ ಕೇಳುವವರು ಸೋಮಾರಿಗಳು ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಮನೆಯಲ್ಲಿ ಬೇರೆ ಜವಾಬ್ದಾರಿ ಇರುವವರಿಗೇ ಮನೆಯಿಂದ ಕೆಲಸ ಬೇಕಾಗುತ್ತದೆ, ಆ ಜವಾಬ್ದಾರಿಯೇ ಕೆಲಸದ ಸಮಯವನ್ನೂ ತಿನ್ನುತ್ತದೆ ಎಂದು ಓದಿಕೊಳ್ಳುವುದು ಹೆಚ್ಚು ನ್ಯಾಯ.

ಎರಡು ಕಟ್ಟಡ, ನಡುವೆ ಒಂದಿಷ್ಟು ದೂರ

ಸಾಫ್ಟ್‌ವೇರ್ ಮಂದಿಯ ಬಗ್ಗೆ ನೇರವಾಗಿ ಹೇಳುವ ಅಧ್ಯಯನ ಅಮೆರಿಕದ್ದು. ನಾಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲೈಸ್ ಎಂಬ ಮೂವರು ಅರ್ಥಶಾಸ್ತ್ರಜ್ಞೆಯರು ಒಂದು ಫಾರ್ಚೂನ್ 500 ಕಂಪನಿಯ ಎಂಜಿನಿಯರ್‌ಗಳ ದಾಖಲೆ ನೋಡಿದರು. ಆ ಕಂಪನಿಗೆ ಎರಡು ಕಟ್ಟಡ ಇತ್ತು, ನಡುವೆ ಕೆಲವು ಬೀದಿಗಳ ದೂರ. ಕೆಲವು ತಂಡಗಳು ಪೂರ್ತಿಯಾಗಿ ಒಂದೇ ಕಟ್ಟಡದಲ್ಲಿ ಕೂತಿದ್ದವು. ಕೆಲವು ಎರಡೂ ಕಡೆ ಹಂಚಿಹೋಗಿದ್ದವು.

ಅವರು ಎಣಿಸಿದ್ದು ಕೋಡ್ ರಿವ್ಯೂ ಕಾಮೆಂಟ್‌ಗಳನ್ನು. ಐಟಿಯಲ್ಲಿ ಇಲ್ಲದವರಿಗೆ ಒಂದು ಮಾತು: ಒಬ್ಬರು ಬರೆದ ಕೋಡನ್ನು ಗ್ರಾಹಕರು ಬಳಸುವ ವ್ಯವಸ್ಥೆಗೆ ಸೇರಿಸುವ ಮೊದಲು ತಂಡದ ಇನ್ನೊಬ್ಬರು ಓದಿ, ಎಲ್ಲಿ ಸರಿ ಇಲ್ಲ ಎಂದು ಸಾಲುಸಾಲಿಗೆ ಟಿಪ್ಪಣಿ ಬರೆಯುತ್ತಾರೆ. ಹೊಸಬರಿಗೆ ನಿಜವಾದ ಪಾಠಶಾಲೆ ಇದೇ. ಮೈಸೂರಿನ ಕ್ಯಾಂಪಸ್‌ನಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು ಬಂದವರಿಗೂ ಕೆಲಸ ಗೊತ್ತಾಗುವುದು ತಮ್ಮ ಕೋಡಿನ ಮೇಲೆ ಯಾರಾದರೂ ಕೆಂಪು ಗೆರೆ ಎಳೆದಾಗಲೇ.

ಒಂದೇ ಕಟ್ಟಡದಲ್ಲಿ ತಂಡದ ಜೊತೆ ಕೂತವರಿಗೆ ಸಿಕ್ಕ ಟಿಪ್ಪಣಿಗಳು ಹಂಚಿಹೋದ ತಂಡದವರಿಗಿಂತ ಶೇ 22ರಷ್ಟು ಜಾಸ್ತಿ. ಕೋವಿಡ್ ಬಂದು ಎಲ್ಲರೂ ಮನೆ ಸೇರಿದಾಗ ಈ ಅಂತರ ಬಹುಪಾಲು ಮಾಯವಾಯಿತು. ಇದೇ ಅಧ್ಯಯನದ ಗಟ್ಟಿತನ. ಒಟ್ಟಿಗೆ ಕೂತ ತಂಡಗಳು ಮೊದಲಿಂದಲೇ ಒಳ್ಳೆಯ ತಂಡಗಳಾಗಿದ್ದವು ಎಂದಾಗಿದ್ದರೆ ಮನೆಗೆ ಹೋದ ಮೇಲೂ ಅಂತರ ಉಳಿಯಬೇಕಿತ್ತಲ್ವಾ? ಉಳಿಯಲಿಲ್ಲ.

ಇಲ್ಲಿ ಎಣಿಸಿದ್ದು ಬಾಯಿಮಾತನ್ನಲ್ಲ, ಕಂಪ್ಯೂಟರಿನಲ್ಲಿ ಬರೆದ ಟಿಪ್ಪಣಿಯನ್ನು ಎನ್ನುವುದೂ ನೆನಪಿರಲಿ. ದೂರ ಇದ್ದವರು ಮಾತಿಗೆ ಸಿಗದಿದ್ದರೂ ಬರವಣಿಗೆಯಲ್ಲಿ ಅದನ್ನು ತುಂಬಿಕೊಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆದದ್ದು ಉಲ್ಟಾ. ಎದುರಿಗೆ ಸಿಗುವವರ ಕೋಡಿಗೇ ಜನ ಜಾಸ್ತಿ ಬರೆದರು. ಅಷ್ಟೇ ಅಲ್ಲ, ತಂಡದಲ್ಲಿ ಒಬ್ಬರೇ ಒಬ್ಬರು ಬೇರೆ ಕಟ್ಟಡದಲ್ಲಿದ್ದರೂ ಪಕ್ಕಪಕ್ಕ ಕೂತ ಉಳಿದವರ ನಡುವಿನ ಟಿಪ್ಪಣಿಯೂ ಕಡಿಮೆಯಾಯಿತು. ಆ ಒಬ್ಬರಿಗಾಗಿ ಮೀಟಿಂಗ್ ಆನ್‌ಲೈನ್‌ಗೆ ಹೋಗುತ್ತದೆ, ಮೀಟಿಂಗ್ ಮುಗಿಸಿ ಎದ್ದು ಬರುವಾಗಿನ ಮಾತು ನಿಂತುಹೋಗುತ್ತದೆ.

ಹಾಗಂತ ಇದು ಬಿಟ್ಟಿ ಸಿಕ್ಕ ಲಾಭವಲ್ಲ. ಒಟ್ಟಿಗೆ ಕೂತವರು ಬರೆದ ಕೋಡು ಕಡಿಮೆ, ಅದರಲ್ಲೂ ಹಿರಿಯರದು. ಹೇಳಿಕೊಡುವುದರಲ್ಲಿ ಅವರ ಸಮಯ ಹೋಯಿತು. ಸಂಬಳದಲ್ಲೂ ಇದೇ ಕಥೆ: ಹತ್ತಿರ ಕೂತವರಿಗೆ ಆರಂಭದಲ್ಲಿ ಹೈಕ್ ಕಡಿಮೆ, ಕೆಲವು ಕಾಲದ ಮೇಲೆ ಜಾಸ್ತಿ. ಮೊದಲ ವರ್ಷದ ಅಪ್ರೈಸಲ್ ಮಾತ್ರ ನೋಡಿದರೆ ಮನೆಯಲ್ಲಿ ಕೂತು, ಒಂದೊಂದಾಗಿ ಹಂಚುವ ಕೆಲಸದ ಚೀಟಿಗಳಾದ ಟಿಕೆಟ್‌ಗಳನ್ನು ಒಂದರ ಮೇಲೊಂದು ಮುಗಿಸಿದವರೇ ಗೆದ್ದಂತೆ ಕಾಣುತ್ತದೆ. ಲೆಕ್ಕ ತಿರುಗುವುದು ಆಮೇಲೆ. ಇದರಿಂದಲೇ ಫ್ರೆಷರ್‌ಗೆ ತನ್ನ ನಷ್ಟ ಆ ಹೊತ್ತಿಗೆ ಗೊತ್ತಾಗುವುದಿಲ್ಲ.

ಐದು ಸಾಲಿನ ಕೋಡಿನಲ್ಲಿ ಏನಾಗುತ್ತದೆ

ಶೇ 22 ಅಂದರೆ ನಿಜವಾಗಿ ಏನು ತಪ್ಪಿಹೋಗುತ್ತದೆ ಎಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಆನ್‌ಲೈನ್ ಅಂಗಡಿಯೊಂದರ ಪೇಮೆಂಟ್ ತಂಡ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗಿ, ಹುಬ್ಬಳ್ಳಿಯ ಮನೆಯಿಂದ ಕೆಲಸ. ಗ್ರಾಹಕರ ಖಾತೆಯಿಂದ ದುಡ್ಡು ಕಡಿದುಕೊಡುವ ಪೇಮೆಂಟ್ ಗೇಟ್‌ವೇ ಕೆಲವೊಮ್ಮೆ ಉತ್ತರ ಕೊಡಲು ತಡ ಮಾಡುತ್ತದೆ, ಆಗ ಗ್ರಾಹಕರ ಆರ್ಡರ್ ನಿಂತುಹೋಗುತ್ತದೆ. ಹಾಗಾದಾಗ ಮತ್ತೆ ಪ್ರಯತ್ನಿಸುವಂತೆ ಮಾಡು ಎಂದು ಅವಳಿಗೆ ಟಿಕೆಟ್ ಬಂದಿದೆ. ಅವಳು ಬರೆದದ್ದು ಇಷ್ಟು:

```python
for i in range(3):
    try:
        return gateway.charge(order_id, amount)
    except Timeout:
        continue
```

ನೋಡಲು ಚೊಕ್ಕವಾಗಿದೆ. ಟೆಸ್ಟ್ ಕೂಡ ಪಾಸಾಗುತ್ತದೆ, ಯಾಕೆಂದರೆ ಟೆಸ್ಟಿನಲ್ಲಿರುವ ನಕಲಿ ಗೇಟ್‌ವೇ ಟೈಮ್‌ಔಟ್ ಆದಾಗ ದುಡ್ಡು ಕಡಿಯುವುದೇ ಇಲ್ಲ. ನಿಜವಾದ ಗೇಟ್‌ವೇ ಹಾಗಲ್ಲ. ಟೈಮ್‌ಔಟ್ ಅಂದರೆ ಉತ್ತರ ಬರಲಿಲ್ಲ ಎಂದಷ್ಟೇ ಅರ್ಥ, ದುಡ್ಡು ಕಡಿತ ಆಗಲಿಲ್ಲ ಎಂದಲ್ಲ. ಮೊದಲ ಸಲವೇ ದುಡ್ಡು ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದರೆ ಈ ಕೋಡು ಅದೇ ಗ್ರಾಹಕರಿಂದ ಎರಡನೇ ಸಲ, ಮೂರನೇ ಸಲವೂ ದುಡ್ಡು ಕಡಿಯುತ್ತದೆ. ಇನ್ನೊಂದು ದೋಷವೂ ಇದೆ. ಮೂರೂ ಪ್ರಯತ್ನ ಸೋತರೆ ಈ ಕೋಡು ಯಾರಿಗೂ ಏನೂ ಹೇಳದೆ ಸುಮ್ನೆ ಹೊರಬರುತ್ತದೆ.

ದೂರದಲ್ಲಿರುವ ಹಿರಿಯರ ಮುಂದೆ ಆ ದಿನ ಇಂಥ ಹತ್ತಾರು ರಿವ್ಯೂ ಬಾಕಿ ಇರುತ್ತವೆ. ಸಣ್ಣ ಬದಲಾವಣೆ, ಟೆಸ್ಟ್ ಹಸಿರಾಗಿದೆ. ನೋಡಿದೆ, ಸರಿಯಿದೆ ಎಂಬರ್ಥದ LGTM ಎಂದು ನಾಲ್ಕಕ್ಷರ ಒತ್ತಿ ಮುಂದಕ್ಕೆ ಹೋಗುತ್ತಾರೆ. ಕೆಲವು ದಿನದ ಮೇಲೆ ದುಡ್ಡು ಎರಡು ಸಲ ಹೋಯಿತು ಎಂದು ದೂರು ಬಂದಾಗ, ಅವಸರದಲ್ಲಿ ಅದೇ ಹಿರಿಯರು ಕೂತು ಸರಿಮಾಡುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಹುಡುಗಿಗೆ ಕಾಣುವುದು ಮುಚ್ಚಿದ ಟಿಕೆಟ್. ತಪ್ಪು ಸರಿಹೋಯಿತು, ಅವಳು ಕಲಿಯಲಿಲ್ಲ.

ಪಕ್ಕದಲ್ಲೇ ಕೂತಿದ್ದರೆ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಟೈಮ್‌ಔಟ್ ಅಂದ್ರೆ ದುಡ್ಡು ಹೋಗಿಲ್ಲ ಅಂತನಾ, ಉತ್ತರ ಬಂದಿಲ್ಲ ಅಂತನಾ?" ಅಲ್ಲಿಂದ ಮಾತು ಬೆಳೆಯುತ್ತಿತ್ತು. ಪ್ರತಿ ಪಾವತಿಗೂ ಬೇರೆಯಾದ ಒಂದು ಗುರುತಿನ ಸಂಖ್ಯೆ ಕೊಟ್ಟು, ಮತ್ತೆ ಪ್ರಯತ್ನಿಸುವಾಗಲೂ ಅದೇ ಸಂಖ್ಯೆ ಕಳಿಸಬೇಕು. ಆಗ ಗೇಟ್‌ವೇ 'ಇದು ಆಗಲೇ ಬಂದಿದ್ದು' ಎಂದು ಗುರುತಿಸಿ ಎರಡನೇ ಸಲ ದುಡ್ಡು ಕಡಿಯುವುದಿಲ್ಲ. ಆ ಸೌಲಭ್ಯ ಇಲ್ಲದಿದ್ದರೆ ಮೊದಲು ಪಾವತಿಯ ಸ್ಥಿತಿ ಕೇಳಿ ಆಮೇಲೆ ಮುಂದುವರಿಯಬೇಕು. ಈ ಪಾಠ ಪೇಮೆಂಟ್‌ಗೆ ಮಾತ್ರ ಸೀಮಿತವಲ್ಲ. ಎಸ್‌ಎಂಎಸ್ ಕಳಿಸುವಲ್ಲಿ, ಸ್ಟಾಕ್ ಕಳೆಯುವಲ್ಲಿ, ನೆಟ್‌ವರ್ಕ್ ದಾಟಿ ಹೋಗುವ ಪ್ರತಿ ಕೆಲಸದಲ್ಲೂ ಮುಂದೆ ಹತ್ತು ವರ್ಷ ಅವಳಿಗೆ ಬೇಕಾಗುತ್ತದೆ.

ಇದೇ ಪ್ರಶ್ನೆಯನ್ನು ದೂರದಿಂದ ಬರೆದು ಕೇಳಲು ಆಗದೇ? ಖಂಡಿತ ಆಗುತ್ತದೆ. ಆದರೆ ಕೇಳುವುದಕ್ಕೆ ಎರಡೂ ಕಡೆ ಅಡ್ಡಿ ಇರುತ್ತದೆ. ಎಂದೂ ಮುಖ ನೋಡದ ಹೊಸಬಳಿಗೆ ಒಟ್ಟಿಗೆ ಐದು ತಪ್ಪು ತೋರಿಸಿದರೆ ಗದರಿದಂತೆ ಕಾಣಬಹುದು ಎಂದು ಹಿರಿಯರಿಗೆ ಮುಜುಗರ. ವಿವರಿಸಿ ಬರೆಯಲು ಹದಿನೈದು ನಿಮಿಷ ಬೇಕು, ಅಷ್ಟರಲ್ಲಿ ತಾವೇ ಸರಿಮಾಡಬಹುದು. ಅತ್ತ ಹುಡುಗಿಗೆ, ಹಿರಿಯರ ಹೆಸರಿನ ಪಕ್ಕ ಬ್ಯುಸಿ ಎನ್ನುವ ಕೆಂಪು ಚುಕ್ಕಿ ಕಾಣುತ್ತಿರುವಾಗ ಇಷ್ಟು ಸಣ್ಣದಕ್ಕೆ ಕಾಲ್ ಮಾಡೋದಾ ಎಂಬ ಹಿಂಜರಿಕೆ. ದಡ್ಡಿ ಅಂದುಕೊಂಡರೆ ಎಂಬ ಭಯವೂ ಸೇರುತ್ತದೆ. ಪಕ್ಕದಲ್ಲಿದ್ದಾಗ, ಅವರು ಕಾಫಿಗೆ ಏಳುವ ಹೊತ್ತು ನೋಡಿ ಕೇಳಿಬಿಡಬಹುದು. ದೂರದಲ್ಲಿ ಪ್ರತಿ ಪ್ರಶ್ನೆಗೂ ಅಪಾಯಿಂಟ್‌ಮೆಂಟ್ ಬೇಕು.

ಕಣ್ಣಿಗೆ ಬೀಳುವುದು ಬೇರೆ ವಿಷಯ

ಕಲಿಕೆ ಮತ್ತು ಕಣ್ಣಿಗೆ ಬೀಳುವುದು, ಈ ಎರಡನ್ನೂ ಒಂದೇ ಎಂಬಂತೆ ಮಾತಾಡುವುದರಿಂದ ಗೊಂದಲ ಇನ್ನಷ್ಟು ಜಾಸ್ತಿಯಾಗುತ್ತದೆ. ಕೆಲಸ ಚೆನ್ನಾಗಿ ಕಲಿತವರೂ ಕಣ್ಣಿಗೆ ಬೀಳದೆ ಹೋಗಬಹುದು. ಸಿಟ್ರಿಪ್‌ನ ಮೊದಲ ಪ್ರಯೋಗದಲ್ಲಿ ಆದದ್ದು ಅದೇ.

ಇದು ಹೇಗೆ ನಡೆಯುತ್ತದೆ ಎಂದರೆ, ಪ್ರಮೋಷನ್ ಪಟ್ಟಿ ತಯಾರಾಗುವ ಮೀಟಿಂಗ್‌ನಲ್ಲಿ ನೌಕರ ಇರುವುದಿಲ್ಲ, ಅವರ ಮ್ಯಾನೇಜರ್ ಇರುತ್ತಾರೆ. ಉಳಿದ ಮ್ಯಾನೇಜರ್‌ಗಳ ಮುಂದೆ ಅವರು ವಾದ ಮಾಡಬೇಕು. "ಹೌದು, ಆ ಹುಡುಗ ಗೊತ್ತು, ಆವತ್ತು ನಮ್ಮ ಸರ್ವರ್ ಬಿದ್ದಾಗ ಬಂದು ಸಹಾಯ ಮಾಡಿದ" ಎಂದು ಬೇರೆ ತಂಡದವರು ಒಬ್ಬರು ದನಿಗೂಡಿಸಿದರೆ ಸಾಕು, ಹೆಸರು ಮೇಲಕ್ಕೆ ಹೋಗುತ್ತದೆ. ದೂರದಲ್ಲಿರುವವರ ಕೆಲಸ ತಮ್ಮ ಮ್ಯಾನೇಜರ್‌ಗೆ ಟಿಕೆಟ್ ಲೆಕ್ಕದಲ್ಲಿ ಕಾಣಬಹುದು. ಬೇರೆ ತಂಡದವರಿಗೆ ಅವರು ಗ್ರೂಪ್ ಕಾಲ್‌ನಲ್ಲಿ ಒಂದು ಚೌಕ ಅಷ್ಟೇ.

ಕೆಲವು ಕಂಪನಿಗಳು ಇದನ್ನು ನಿಯಮವನ್ನಾಗಿಯೇ ಮಾಡಿವೆ. ಡೆಲ್ 2024ರಲ್ಲಿ ನೌಕರರಿಗೆ ಹೈಬ್ರಿಡ್ ಅಥವಾ ರಿಮೋಟ್ ಎಂದು ಆಯ್ದುಕೊಳ್ಳಲು ಹೇಳಿ, ರಿಮೋಟ್ ಆಯ್ದುಕೊಂಡರೆ ಪ್ರಮೋಷನ್ ಇಲ್ಲ ಎಂದಿತು. ಆದರೂ ಬಹಳ ಜನ ರಿಮೋಟನ್ನೇ ಆಯ್ದುಕೊಂಡರು ಎಂದು ಆಗ ವರದಿಯಾಯಿತು. ಸಂಸಾರ ಇರುವ ನಲವತ್ತರ ಎಂಜಿನಿಯರ್‌ಗೆ ಅದು ಲೆಕ್ಕ ಹಾಕಿ ಮಾಡಿದ ತೀರ್ಮಾನ ಇರಬಹುದು. ಇರುವ ಹುದ್ದೆ, ಇರುವ ಸಂಬಳ ಸಾಕು, ಸಂಜೆ ಮಕ್ಕಳ ಜೊತೆ ಇರುತ್ತೇನೆ ಎನ್ನಬಹುದು. ಎರಡನೇ ವರ್ಷದ ನೌಕರರಿಗೆ ಆ ಲೆಕ್ಕ ಕೂಡಿಬರುವುದಿಲ್ಲ, ಅವರ ಮೇಲಿನ ಮೆಟ್ಟಿಲುಗಳೆಲ್ಲ ಇನ್ನೂ ಬಾಕಿ ಇವೆ.

ಹಾಗಾದರೆ ಸ್ವೈಪ್ ಮಾಡಿದರೆ ಸಾಕಾ?

ಇಲ್ಲಿಯವರೆಗಿನ ಮಾತು ಕಂಪನಿಗಳ ಪರ ಇದ್ದಂತೆ ಕಾಣಬಹುದು. ಆದರೆ ಇದೇ ಅಧ್ಯಯನಗಳು ಬೆಂಗಳೂರಿನ ಹಾಜರಾತಿ ನಿಯಮಗಳನ್ನೂ ಪ್ರಶ್ನಿಸುತ್ತವೆ.

ಎರಡು ಕಟ್ಟಡದ ಅಧ್ಯಯನದಲ್ಲಿ ಕೋವಿಡ್‌ಗೆ ಮೊದಲು ಎಲ್ಲರೂ ಆಫೀಸಿಗೆ ಬರುತ್ತಿದ್ದವರೇ. ಆದರೂ ತಂಡ ಹಂಚಿಹೋಗಿದ್ದವರಿಗೆ ಟಿಪ್ಪಣಿ ಕಡಿಮೆ ಸಿಕ್ಕಿತು. ಕಲಿಸುವುದು ಆಫೀಸಿನ ಗೋಡೆಯಲ್ಲ, ಅಲ್ಲಿ ಕೂತ ತಂಡ. ಈಗ ಔಟರ್ ರಿಂಗ್ ರೋಡಿನ ಒಂದು ಸಾಮಾನ್ಯ ಪ್ರಾಜೆಕ್ಟ್ ನೋಡಿ. ಲೀಡ್ ಪುಣೆಯಲ್ಲಿ, ಟೆಸ್ಟಿಂಗ್‌ನವರು ಚೆನ್ನೈನಲ್ಲಿ, ಕ್ಲೈಂಟ್ ಅಮೆರಿಕದಲ್ಲಿ. ಫ್ರೆಷರ್ ಒಬ್ಬರೇ ಬೆಂಗಳೂರಿನಲ್ಲಿ ಸ್ವೈಪ್ ಮಾಡಿ ಒಳಗೆ ಹೋದರೆ ಪಕ್ಕದಲ್ಲಿ ಕೂತವರು ಬೇರೆ ಪ್ರಾಜೆಕ್ಟಿನವರು. ಅವರ ಕೋಡನ್ನು ಈತ ನೋಡುವಂತಿಲ್ಲ, ಈತನ ಕೋಡನ್ನು ಅವರು ನೋಡುವಂತಿಲ್ಲ. ಹಾಜರಾತಿ ನೂರಕ್ಕೆ ನೂರು, ಕಲಿಕೆಯ ಲೆಕ್ಕದಲ್ಲಿ ಈತ ಮನೆಯಲ್ಲೇ ಇದ್ದ ಹಾಗೆ. ಅದರ ಮೇಲೆ ಪ್ರಯಾಣದ ಸುಸ್ತು.

ತಿಂಗಳಿಗೆ 10 ದಿನ ಎಂಬ ನಿಯಮದಲ್ಲೂ ಇದೇ ತೊಂದರೆ ಇಣುಕುತ್ತದೆ. ಯಾವ ಹತ್ತು ದಿನ ಎಂದು ತಂಡ ಒಟ್ಟಿಗೆ ತೀರ್ಮಾನಿಸದಿದ್ದರೆ ಹಿರಿಯರು ಸೋಮವಾರ, ಫ್ರೆಷರ್ ಗುರುವಾರ ಬಂದು ಇಬ್ಬರೂ ಲೆಕ್ಕ ತುಂಬಿಸಬಹುದು, ತಿಂಗಳಿಡೀ ಮುಖ ನೋಡದೆ. ಟ್ರಿಪ್ ಡಾಟ್ ಕಾಂನಲ್ಲಿ ಮನೆಯ ದಿನ ಬುಧವಾರ ಮತ್ತು ಶುಕ್ರವಾರ ಎಂದು ಮೊದಲೇ ಗೊತ್ತಿದ್ದುದರಿಂದ ಉಳಿದ ಮೂರು ದಿನ ಎಲ್ಲರೂ ಒಟ್ಟಿಗೆ ಇರುತ್ತಿದ್ದರು. ನಮ್ಮಲ್ಲಿ ಹೈಬ್ರಿಡ್ ಬಗ್ಗೆ ಮಾತಾಡುವಾಗ ಆ ಸಣ್ಣ ವಿವರವನ್ನು ಬಿಟ್ಟು ಎಷ್ಟು ದಿನ ಎಂಬುದನ್ನು ಮಾತ್ರ ನಕಲು ಮಾಡಲಾಗುತ್ತಿದೆ.

ಹಾಗಾದರೆ ಆನ್‌ಲೈನ್ ಮೀಟಿಂಗ್ ಹೆಚ್ಚಿಸಿದರೆ ಸರಿಹೋಗುತ್ತದೆಯೇ? ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ ಸುಮಾರು 10,000 ನೌಕರರ ದಾಖಲೆ ನೋಡಿದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೋವಿಡ್ ಸಮಯದಲ್ಲಿ ಮನೆ ಸೇರಿದ ಮೇಲೆ ಅವರು ದುಡಿದ ಗಂಟೆಗಳು ಹೆಚ್ಚಾದವು, ಮುಗಿದ ಕೆಲಸ ಹೆಚ್ಚಾಗಲಿಲ್ಲ. ಮೀಟಿಂಗ್‌ಗಳು ಜಾಸ್ತಿಯಾಗಿ, ಅಡಚಣೆ ಇಲ್ಲದೆ ಕೂತು ಕೆಲಸ ಮಾಡುವ ಸಮಯ ಕರಗಿತು. ಅದೇ ಹೊತ್ತಿಗೆ ಮ್ಯಾನೇಜರ್ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವುದು, ಹೇಳಿಸಿಕೊಳ್ಳುವುದು ಕಡಿಮೆಯಾಯಿತು. ಹೆಚ್ಚಿದ್ದು ಇಪ್ಪತ್ತು ಜನರ ಕಾಲ್‌ಗಳಂಥವು, ಕಡಿಮೆಯಾದದ್ದು ಇಬ್ಬರ ಮಾತು.

ಮನೆಯ ಪರ ಇರುವವರ ಲೆಕ್ಕ

ಮನೆಯಿಂದ ಕೆಲಸ ಬೇಕು ಎನ್ನುವ ಫ್ರೆಷರ್‌ಗಳಿಗೂ ಗಟ್ಟಿ ಕಾರಣವಿದೆ, ಮುಖ್ಯವಾಗಿ ದುಡ್ಡಿನದು. ದೊಡ್ಡ ಸೇವಾ ಕಂಪನಿಗಳಲ್ಲಿ ಆರಂಭದ ಸಂಬಳ ಬಹಳ ವರ್ಷಗಳಿಂದ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದ ಸುತ್ತಮುತ್ತ. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ಕಳೆದರೆ ಊರಿಗೆ ಕಳಿಸಲು ಉಳಿಯುವುದು ಅಷ್ಟಕ್ಕಷ್ಟೆ. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಮನೆಯಲ್ಲೇ ಇದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಎಜುಕೇಶನ್ ಲೋನ್ ಇರುವ ಮನೆಗೆ ಇದು ಸಣ್ಣ ಮಾತಲ್ಲ.

ಕಲಿಕೆಯ ಲಾಭ ಕೈಗೆ ಸಿಗುವುದು ಮೂರು-ನಾಲ್ಕು ವರ್ಷದ ಮೇಲೆ. ಪಿಜಿ ಬಾಡಿಗೆ ಕಟ್ಟಬೇಕಾದದ್ದು ಈ ತಿಂಗಳು. ಹೊಸಬರು ಬೇಗ ಕಲಿತರೆ ಕಂಪನಿಗೂ ಲಾಭ, ಆದರೆ ಅದರ ಖರ್ಚು ಪೂರ್ತಿ ಬೀಳುವುದು ಆ ಹೊಸಬರ ಜೇಬಿಗೆ. ಈ ಅಸಮತೋಲನವನ್ನು ಬಿಟ್ಟು, ಯುವಕರಿಗೆ ಕಷ್ಟಪಡುವ ಮನಸ್ಸಿಲ್ಲ ಎನ್ನುವುದು ಅರ್ಧ ಲೆಕ್ಕ. ಹುಬ್ಬಳ್ಳಿ, ಮಂಗಳೂರು, ಮೈಸೂರಿನಲ್ಲಿ ಕಂಪನಿಗಳು ತೆರೆದಿರುವ ಆಫೀಸುಗಳು ಇದಕ್ಕೆ ಒಂದು ಉತ್ತರವಾಗಬಲ್ಲವು. ಅದಕ್ಕೆ ಅಲ್ಲಿಗೆ ಪೂರ್ತಿ ತಂಡ, ಹಿರಿಯರ ಸಮೇತ, ಹೋಗಬೇಕು. ಫ್ರೆಷರ್‌ಗಳನ್ನು ಮಾತ್ರ ಅಲ್ಲಿ ಕೂರಿಸಿ ಲೀಡ್‌ಗಳನ್ನು ಬೆಂಗಳೂರಿನಲ್ಲೇ ಇಟ್ಟುಕೊಂಡರೆ, ಎರಡು ಕಟ್ಟಡದ ನಡುವೆ ಇದ್ದ ಅಂತರವೇ ಇಲ್ಲಿ ನೂರಾರು ಕಿಲೋಮೀಟರ್ ಆಗುತ್ತದೆ.

ಹೊಸಬರು ನೋಡಿಕೊಳ್ಳಬೇಕಾದದ್ದು

ಕಲಿಕೆ ನಿಂತಿದೆಯೇ ಎಂದು ಫ್ರೆಷರ್‌ಗೆ ತನ್ನ ಸ್ಕ್ರೀನಿನಲ್ಲೇ ಗೊತ್ತಾಗುತ್ತದೆ. ತಾನು ರಿವ್ಯೂಗೆ ಕಳಿಸಿದ ಕೋಡು, ಅಂದರೆ ಹಿಂದಿನ ಇಪ್ಪತ್ತು ಪುಲ್ ರಿಕ್ವೆಸ್ಟ್ ತೆರೆದು ನೋಡಬೇಕು. ಹೆಚ್ಚಿನವಕ್ಕೆ ಬರೀ LGTM ಬಿದ್ದಿದ್ದರೆ ಅದು ಮೆಚ್ಚುಗೆಯಲ್ಲ, ಯಾರೂ ಸರಿಯಾಗಿ ಓದುತ್ತಿಲ್ಲ ಎನ್ನುವ ಸೂಚನೆ. 'ಯಾಕೆ ಹೀಗೆ ಮಾಡಿದೆ' ಎಂಬ ಥರದ ಪ್ರಶ್ನೆ ಎಷ್ಟಿವೆ? ತನ್ನ ಕೋಡನ್ನು ತನಗೆ ಹೇಳದೆ ಬೇರೆಯವರು ತಿದ್ದಿದ್ದು ಎಷ್ಟು ಸಲ? ಆರು ತಿಂಗಳ ಹಿಂದಿನ ಟಿಕೆಟ್‌ಗೂ ಈಗಿನ ಟಿಕೆಟ್‌ಗೂ ಕಷ್ಟದಲ್ಲಿ ವ್ಯತ್ಯಾಸ ಇದೆಯೇ? ಒಂದೇ ಬಗೆಯ ಸಣ್ಣ ಕೆಲಸ ಮತ್ತೆ ಮತ್ತೆ ಬರುತ್ತಿದ್ದರೆ, ದೊಡ್ಡದನ್ನು ಕೊಡುವ ಭರವಸೆ ಯಾರಿಗೂ ಹುಟ್ಟಿಲ್ಲ ಎಂದೇ ತಿಳಿಯಬೇಕು.

ಆಫರ್ ಕೈಗೆ ಬಂದಾಗಲೂ ವಾರಕ್ಕೆ ಎಷ್ಟು ದಿನ ಎಂದು ಕೇಳುವುದಕ್ಕಿಂತ, ನನ್ನ ಕೋಡ್ ರಿವ್ಯೂ ಮಾಡುವವರು ಯಾವ ಊರಿನಲ್ಲಿ, ಯಾವ ದಿನ ಕೂರುತ್ತಾರೆ ಎಂದು ಕೇಳುವುದು ಹೆಚ್ಚು ಉಪಯೋಗ. ಇದಕ್ಕೆ ಎಚ್‌ಆರ್ ಬಳಿ ಉತ್ತರ ಇರುವುದಿಲ್ಲ, ಮ್ಯಾನೇಜರ್ ಬಳಿ ಇರುತ್ತದೆ. ಪೂರ್ತಿ ರಿಮೋಟ್ ತಂಡ ಸಿಕ್ಕಿದರೆ ಎಲ್ಲವೂ ಮುಗಿಯಿತು ಎಂದೇನಲ್ಲ. ತಂಡದ ಎಲ್ಲರೂ ದೂರ ಇದ್ದು, ಪ್ರತಿ ತೀರ್ಮಾನವನ್ನೂ ಬರೆದಿಟ್ಟು, ದಿನಕ್ಕೆ ಒಂದು ಗಂಟೆ ಇಬ್ಬರು ಒಂದೇ ಸ್ಕ್ರೀನ್ ಹಂಚಿಕೊಂಡು ಕೋಡ್ ಬರೆಯುವ ರೂಢಿ ಇದ್ದರೆ ನಷ್ಟ ಬಹಳಷ್ಟು ತಗ್ಗಬಹುದು. ತೀರಾ ಕೆಟ್ಟದ್ದು ಅರ್ಧಂಬರ್ಧ: ಉಳಿದವರೆಲ್ಲ ಒಂದೇ ಕಡೆ, ಹೊಸಬರೊಬ್ಬರೇ ದೂರ.

ಇದರಲ್ಲಿ ಹೊಸಬರ ಕೈಮೀರಿದ ಭಾಗವೂ ಇದೆ. ಹೇಳಿಕೊಡುವ ಹಿರಿಯರ ಸ್ವಂತ ಕೆಲಸ ಕಡಿಮೆಯಾಗುತ್ತದೆ ಎಂದು ಅಮೆರಿಕದ ಅಧ್ಯಯನ ತೋರಿಸಿತು. ಹತ್ತಿರ ಕೂತಾಗ ಹೆಚ್ಚು ಹೇಳಿಕೊಟ್ಟವರು ಮಹಿಳಾ ಎಂಜಿನಿಯರ್‌ಗಳು, ಅವರಿಗೇ ಆ ಹೊರೆ ಜಾಸ್ತಿ ಬಿತ್ತು ಎಂದೂ ಅದರಲ್ಲಿದೆ. ಸೇವಾ ಕಂಪನಿಯಲ್ಲಿ ಹಿರಿಯರ ಗಂಟೆ ಗಂಟೆಗೂ ಕ್ಲೈಂಟ್‌ಗೆ ಬಿಲ್ ಹೋಗುತ್ತದೆ. ಹುಬ್ಬಳ್ಳಿಯ ಹುಡುಗಿಗೆ ಟೈಮ್‌ಔಟ್ ಬಗ್ಗೆ ವಿವರಿಸಿದ ಅರ್ಧ ಗಂಟೆಯನ್ನು ಟೈಮ್‌ಶೀಟ್‌ನಲ್ಲಿ ಯಾವ ಲೆಕ್ಕಕ್ಕೆ ಹಾಕುವುದು? ಹಾಕಲು ಜಾಗ ಇಲ್ಲದಿದ್ದರೆ ಅವರು ಆಫೀಸಿಗೆ ಬಂದರೂ ಹೆಡ್‌ಸೆಟ್ ತೆಗೆಯುವುದಿಲ್ಲ. ವೇರಿಯಬಲ್ ಪೇ ಕಡಿತದ ಭಯ ಅವರನ್ನು ಕುರ್ಚಿಯವರೆಗೆ ತರಬಲ್ಲದು. ಪಕ್ಕದ ಕುರ್ಚಿಯತ್ತ ತಿರುಗಲು ಅಪ್ರೈಸಲ್ ಫಾರಂನಲ್ಲಿ ಅದಕ್ಕೊಂದು ಸಾಲು ಬೇಕು.